ಏರಿನಲ್ಲಿ ಹಿಂದಕ್ಕೆ ಜಾರುವ ಕಾರು, ರಿವರ್ಸ್‌ನಲ್ಲಿ ತಗಲುವ ಕಂಬ

ಪ್ರಶ್ನೆ: ನಾನು ಕೆಂಗೇರಿ ಉಪನಗರದ ನಿವಾಸಿ, ವಯಸ್ಸು 38. ಎಲ್‌ಎಲ್‌ಆರ್ ಮಾಡಿಸಿ ನಾಲ್ಕು ತಿಂಗಳಾಯಿತು. ಡ್ರೈವಿಂಗ್ ಸ್ಕೂಲಿನಲ್ಲಿ ಪೂರ್ತಿ ಕ್ಲಾಸ್ ಮುಗಿಸಿದ್ದೇನೆ, ಮೈಸೂರು ರಸ್ತೆಯಲ್ಲಿ ಧೈರ್ಯವಾಗಿ ಓಡಿಸುತ್ತೇನೆ. ಆದರೂ ಕಳೆದ ವಾರ ಟೆಸ್ಟ್‌ನಲ್ಲಿ ಫೇಲ್ ಆದೆ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕಾರು ಹಿಂದಕ್ಕೆ ಹೋಯಿತು; ರಿವರ್ಸ್ ತೆಗೆದುಕೊಳ್ಳುವಾಗ ಹಿಂದೆ ನೋಡುತ್ತಿದ್ದೆ, ಮುಂದಿನ ಬಲ ಮೂಲೆ ಕಂಬಕ್ಕೆ ತಗಲಿತು. ರಸ್ತೆಯಲ್ಲಿ ಬರುವ ಡ್ರೈವಿಂಗ್ ಟ್ರ್ಯಾಕ್‌ನಲ್ಲಿ ಏಕೆ ಬರುತ್ತಿಲ್ಲ? ಮುಂದಿನ ಸಲಕ್ಕೆ ಹೇಗೆ ತಯಾರಾಗಬೇಕು?

ಉತ್ತರ: ನಿಮ್ಮ ಎರಡೂ ತಪ್ಪುಗಳ ಮೂಲ ಒಂದೇ. ಮೈಸೂರು ರಸ್ತೆಯಲ್ಲಿ ಕಾರು ಎರಡನೇ ಅಥವಾ ಮೂರನೇ ಗೇರಿನಲ್ಲಿ ಓಡುತ್ತಿರುವಾಗ ನಿಮ್ಮ ಎಡಗಾಲಿಗೆ ಹೆಚ್ಚು ಕೆಲಸವಿರುವುದಿಲ್ಲ. ಗೇರ್ ಬದಲಿಸುವ ಕ್ಷಣದಲ್ಲಿ ಕ್ಲಚ್ ಒತ್ತಿ ಬಿಟ್ಟರೆ ಸಾಕು. ಪರೀಕ್ಷೆಯ ಪಥದಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ಕಾರು ಮನುಷ್ಯ ನಡೆಯುವುದಕ್ಕಿಂತಲೂ ನಿಧಾನವಾಗಿ ಚಲಿಸಬೇಕು, ಹೇಳಿದ ಜಾಗದಲ್ಲಿ ನಿಲ್ಲಬೇಕು, ನಿಂತ ಜಾಗದಿಂದ ಒಂದು ಗೇಣೂ ಹಿಂದೆ ಹೋಗದೆ ಹೊರಡಬೇಕು. ಇದೆಲ್ಲ ಕ್ಲಚ್ಚನ್ನು ಅರ್ಧದಲ್ಲಿ ಹಿಡಿದಿಡುವ ಎಡಗಾಲಿನ ಕೆಲಸ. ಹದಿನಾರು ವರ್ಷಗಳಿಂದ ಈ ಊರಿನಲ್ಲಿ ಕಾರು ಕಲಿಸುತ್ತಿರುವ ನಾನು ಕಂಡಂತೆ, ರಸ್ತೆಯಲ್ಲಿ ಚೆನ್ನಾಗಿ ಓಡಿಸುವವರು ಟ್ರ್ಯಾಕ್‌ನಲ್ಲಿ ಸೋಲುವುದು ಬಹುತೇಕ ಇದೇ ಕಾರಣಕ್ಕೆ.

ಪರೀಕ್ಷಕರು ನೋಡುವ ಅಂಶಗಳು ಅವರವರ ಮರ್ಜಿಗೆ ಬಿಟ್ಟವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮದಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂಬ ಉದ್ದನೆಯ ಪಟ್ಟಿಯೇ ಇದೆ. ಕನ್ನಡಿ ಸರಿಪಡಿಸಿಕೊಳ್ಳುವುದರಿಂದ ಆರಂಭವಾಗುವ ಆ ಪಟ್ಟಿಯಲ್ಲಿ ನಿಮಗೆ ಬೇಕಾದವು ಎರಡು. ಒಂದು, ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಇಲ್ಲವೇ ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನು ಸರಿಯಾಗಿ ಬಳಸಿ, ಸ್ವಲ್ಪವೂ ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಿಸುವುದು. ಇನ್ನೊಂದು, ವಾಹನವನ್ನು ಹಿಮ್ಮುಖವಾಗಿ ಓಡಿಸಿ, ಎಡಕ್ಕೋ ಬಲಕ್ಕೋ ಇರುವ ಇಕ್ಕಟ್ಟಾದ ಜಾಗದೊಳಗೆ ಹಿಡಿತದಲ್ಲಿಟ್ಟುಕೊಂಡು ತಕ್ಕಮಟ್ಟಿಗೆ ನಿಖರವಾಗಿ ಸೇರಿಸುವುದು. ಮೊದಲನೆಯದರಲ್ಲಿ 'ಸ್ವಲ್ಪವೂ ಉರುಳದಂತೆ' ಎಂದಿರುವುದನ್ನು ಗಮನಿಸಿ. ಕಾರು ಒಂದಡಿ ಹಿಂದೆ ಹೋಗಿ ಆಮೇಲೆ ಚೆನ್ನಾಗಿ ಏರಿತೆಂದು ಯಾರೂ ನಿಮಗೆ ಅರ್ಧ ಅಂಕ ಕೊಡುವುದಿಲ್ಲ. ಎರಡನೆಯದರಲ್ಲಿ ಮಾತ್ರ ನಿಯಮವೇ ಸ್ವಲ್ಪ ಉದಾರವಾಗಿದೆ. ಅಲ್ಲಿ ಕೂದಲೆಳೆಯ ನಿಖರತೆಯನ್ನು ಕೇಳಿಲ್ಲ, ಹಿಡಿತವನ್ನು ಕೇಳಿದೆ.

ಮಲ್ಲತ್ತಹಳ್ಳಿಯಲ್ಲಿರುವಂಥ ಸ್ವಯಂಚಾಲಿತ ಪಥವಾದರೆ ಅಂಚಿನ ಕಂಬಗಳ ಸೆನ್ಸರ್‌ಗಳು ನಿಮ್ಮ ತಪ್ಪನ್ನು ದಾಖಲಿಸುತ್ತವೆ. ಇಲ್ಲದ ಕಡೆ ಜನ ಇಂದಿಗೂ 'ಬ್ರೇಕ್ ಇನ್ಸ್‌ಪೆಕ್ಟರ್' ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರು ಪಕ್ಕದಲ್ಲಿ ಕುಳಿತೋ ಹೊರಗೆ ನಿಂತೋ ನೋಡುತ್ತಾರೆ. ಸೆನ್ಸರಿಗೆ ನಿಮ್ಮ ಗಾಬರಿ ಕಾಣುವುದಿಲ್ಲ, ಮುಟ್ಟಿದ್ದಷ್ಟೇ ಕಾಣುತ್ತದೆ. ನಿರೀಕ್ಷಕರಿಗೆ ಎರಡೂ ಕಾಣುತ್ತವೆ. ತಯಾರಿಯಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿಲ್ಲ.

ಏರಿನ ವಿಷಯವನ್ನು ಮೊದಲು ನೋಡೋಣ. ಹತ್ತು ಮೀಟರ್ ಉದ್ದಕ್ಕೆ ಒಂದು ಮೀಟರ್ ಏರುವ ದಿಣ್ಣೆಯ ಮೇಲೆ ಕಾರು ನಿಂತಿದೆ ಎಂದುಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದೆ, ಬಲಗಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರಿಗೆ ಒಯ್ಯುತ್ತಿದ್ದೀರಿ. ಆ ಒಂದು ಸೆಕೆಂಡಿನಲ್ಲಿ ಕಾರನ್ನು ಹಿಡಿದಿರುವುದು ಏನೂ ಇಲ್ಲ: ಬ್ರೇಕ್ ಬಿಟ್ಟಾಗಿದೆ, ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವನ್ನು ಕ್ಲಚ್ ಕಡಿದಿದೆ. ಲೆಕ್ಕ ಹಾಕಿದರೆ ಇಷ್ಟು ಇಳಿಜಾರಿನಲ್ಲಿ ಕಾರು ಮೊದಲ ಸೆಕೆಂಡಿನಲ್ಲೇ ಸುಮಾರು ಅರ್ಧ ಮೀಟರ್ ಹಿಂದೆ ಹೋಗುತ್ತದೆ. ಎರಡು ಸೆಕೆಂಡಾದರೆ ಅದು ದುಪ್ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗಿ ಎರಡು ಮೀಟರಿನ ಹತ್ತಿರಕ್ಕೆ ಬರುತ್ತದೆ. 'ಕಾಲು ಬೇಗ ಬದಲಿಸಿ' ಎನ್ನುವ ಸಲಹೆ ಆದ್ದರಿಂದಲೇ ನಿಷ್ಪ್ರಯೋಜಕ. ಎಷ್ಟೇ ಚುರುಕಿನ ಕಾಲಾದರೂ ಆ ಖಾಲಿ ಕ್ಷಣ ಉಳಿದೇ ಉಳಿಯುತ್ತದೆ. ಆ ಕ್ಷಣದಲ್ಲಿ ಕಾರನ್ನು ಬೇರೆ ಏನಾದರೂ ಹಿಡಿದಿರಬೇಕು, ಮತ್ತು ಹೊಸಬರಿಗೆ ಆ 'ಬೇರೆ ಏನಾದರೂ' ಹ್ಯಾಂಡ್‌ಬ್ರೇಕ್ ಆಗಿರುವುದೇ ಲೇಸು.

ಕ್ರಮ ಹೀಗಿದೆ. ಗೆರೆಯ ಬಳಿ ಕಾಲಿನ ಬ್ರೇಕಿನಲ್ಲಿ ಪೂರ್ತಿ ನಿಲ್ಲಿಸಿ, ಆಮೇಲೆ ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆಯಿರಿ. ಈಗ ಕಾಲಿನ ಬ್ರೇಕನ್ನು ಮೆಲ್ಲಗೆ ಬಿಟ್ಟು ನೋಡಿ. ಕಾರು ಕದಲಿದರೆ ಹ್ಯಾಂಡ್‌ಬ್ರೇಕ್ ಸಾಲದು, ಇನ್ನೂ ಒಂದೆರಡು ಹಲ್ಲು ಎಳೆಯಬೇಕು ಎಂದರ್ಥ. ಮೊದಲ ಗೇರ್ ಹಾಕಿ, ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ, ಎಂಜಿನ್ನಿನ ಸದ್ದು ಗುಂಯ್ ಎಂದು ಒಂದೇ ಸಮನೆ ಬರುವಂತೆ ಹಿಡಿದುಕೊಳ್ಳಿ. ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮೀಟರ್ ಇದ್ದರೆ ಮುಳ್ಳು 1500ರ ಆಸುಪಾಸಿನಲ್ಲಿರಲಿ. ಇನ್ನು ಕ್ಲಚ್ಚನ್ನು ಬಹಳ ನಿಧಾನವಾಗಿ ಮೇಲೆ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಆಗುತ್ತವೆ: ಎಂಜಿನ್ನಿನ ಸದ್ದು ಭಾರವಾಗುತ್ತದೆ, ಬಾನೆಟ್ಟಿನ ಮುಂತುದಿ ಒಂದು ಬೆರಳಿನಷ್ಟು ಮೇಲೇಳುತ್ತದೆ, ಸೀಟಿನಲ್ಲಿ ಸಣ್ಣ ಕಂಪನ ಬರುತ್ತದೆ. ಕ್ಲಚ್ ಕಚ್ಚಿಕೊಂಡಿತು ಎನ್ನುವುದು ಇದಕ್ಕೇ. ಎಡಗಾಲನ್ನು ಅಲ್ಲೇ ಕಲ್ಲಿನಂತೆ ನಿಲ್ಲಿಸಿ. ಆಮೇಲಷ್ಟೇ ಹ್ಯಾಂಡ್‌ಬ್ರೇಕ್ ಇಳಿಸಿ. ಎಲ್ಲ ಸರಿಯಾಗಿದ್ದರೆ ಕಾರು ಹಿಂದೆಯೂ ಹೋಗದೆ, ಕೆಲವೊಮ್ಮೆ ಮುಂದೆಯೂ ಹೋಗದೆ, ದಿಣ್ಣೆಯ ಮೇಲೆ ಸುಮ್ಮನೆ ತೂಗಿಕೊಂಡು ನಿಂತಿರುತ್ತದೆ. ಆಕ್ಸಿಲರೇಟರನ್ನು ತುಸು ಹೆಚ್ಚಿಸಿದರೆ ಹೊರಡುತ್ತದೆ. ಕಾರು ಒಂದೆರಡು ಮೀಟರ್ ಚಲಿಸುವವರೆಗೆ ಕ್ಲಚ್ಚನ್ನು ಪೂರ್ತಿ ಬಿಡಬೇಡಿ.

ಇದರಲ್ಲಿ ತಪ್ಪುವುದು ಎಲ್ಲಿ? ಕಾರು ಆಫ್ ಆಗುವುದು ಎಲ್ಲರಿಗೂ ಗೊತ್ತಿರುವ ತಪ್ಪು, ಮತ್ತು ನಿಜ ಹೇಳಬೇಕೆಂದರೆ ಅದು ಚಿಕ್ಕ ತಪ್ಪು. ಹ್ಯಾಂಡ್‌ಬ್ರೇಕ್ ಮೇಲಿದ್ದರೆ ಆಫ್ ಆದ ಕಾರು ನಿಂತಲ್ಲೇ ನಿಂತಿರುತ್ತದೆ, ಮತ್ತೆ ಸ್ಟಾರ್ಟ್ ಮಾಡಬಹುದು. ಕಾರನ್ನು ನಿಜವಾಗಿ ಹಿಂದೆ ಜಾರಿಸುವುದು ಬೇರೊಂದು ಅಭ್ಯಾಸ. ಹ್ಯಾಂಡ್‌ಬ್ರೇಕ್ ಇಳಿಸಿದ ಕೂಡಲೇ ಕಾರು ಕೂದಲೆಳೆಯಷ್ಟು ಹಿಂದೆ ಕದಲಿದಂತೆನಿಸುತ್ತದೆ, ಭಯಕ್ಕೆ ಎಡಗಾಲು ತಾನಾಗಿಯೇ ಕ್ಲಚ್ಚನ್ನು ಮತ್ತೆ ಕೆಳಗೆ ಒತ್ತಿಬಿಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಏನಾದರೂ ಎಡವಟ್ಟಾದಾಗ ಕ್ಲಚ್ ಒತ್ತುವುದು ಸರಿಯಾದ ಕ್ರಮ. ಕಾಲಿಗೆ ಅದೇ ರೂಢಿಯಾಗಿರುತ್ತದೆ. ಏರಿನಲ್ಲಿ ಮಾತ್ರ ಅದು ಕಾರನ್ನು ಹಿಡಿದಿದ್ದ ಒಂದೇ ಒಂದು ಕೈಯನ್ನೂ ಬಿಡಿಸಿದಂತೆ. ನಿಮಗೆ ಆದದ್ದು ಇದೇ ಇರಬೇಕೆಂದು ನನ್ನ ಊಹೆ. ಅದನ್ನು ತಿಳಿಯುವ ಬಗೆ ಸುಲಭ: ಕಾರು ಹಿಂದೆ ಹೋದಾಗ ಎಂಜಿನ್ ಚಾಲೂ ಇದ್ದು ಜೋರಾಗಿ ಕೂಗುತ್ತಿತ್ತೇ? ಹಾಗಿದ್ದರೆ ಕ್ಲಚ್ ಒಳಗಿತ್ತು ಎಂದೇ ಅರ್ಥ. ಏರಿನಲ್ಲಿ ಕಾರು ಕದಲಿದರೆ ಎಡಗಾಲನ್ನು ಅಲ್ಲಾಡಿಸದೆ, ಬಲಗಾಲಿನಲ್ಲಿ ಬ್ರೇಕ್ ಒತ್ತಬೇಕು. ಕಾರು ಆಫ್ ಆದರೆ ಆಗಲಿ.

ಕೆಲವು ಹೊಸ ಕಾರುಗಳಲ್ಲಿ ಬ್ರೇಕ್ ಬಿಟ್ಟ ಮೇಲೂ ಸುಮಾರು ಎರಡು ಸೆಕೆಂಡು ಕಾರನ್ನು ಹಿಡಿದಿಡುವ 'ಹಿಲ್ ಹೋಲ್ಡ್' ವ್ಯವಸ್ಥೆ ಇರುತ್ತದೆ. ಮನೆಯ ಕಾರಿನಲ್ಲಿ ಅದನ್ನೇ ನಂಬಿ ಕಲಿತು, ಪರೀಕ್ಷೆಗೆ ಸ್ಕೂಲಿನ ಹಳೆಯ ಕಾರಿನಲ್ಲಿ ಹೋದವರು ಏರಿನಲ್ಲಿ ಕಕ್ಕಾಬಿಕ್ಕಿಯಾಗುವುದನ್ನು ಈಚೆಗೆ ಹೆಚ್ಚಾಗಿ ನೋಡುತ್ತಿದ್ದೇನೆ. ಹಾಗೆಯೇ ಡೀಸೆಲ್ ಕಾರುಗಳು ಸಾಮಾನ್ಯವಾಗಿ ಆಕ್ಸಿಲರೇಟರ್ ಇಲ್ಲದೆಯೂ ಅರ್ಧ ಕ್ಲಚ್ಚಿನಲ್ಲಿ ಸಣ್ಣ ಏರನ್ನು ಹತ್ತಿಬಿಡುತ್ತವೆ, ಚಿಕ್ಕ ಪೆಟ್ರೋಲ್ ಎಂಜಿನ್ನುಗಳು ಆಫ್ ಆಗುತ್ತವೆ. ಪರೀಕ್ಷೆಗೆ ಯಾವ ಕಾರನ್ನು ಒಯ್ಯುತ್ತೀರೋ ಅಭ್ಯಾಸವೂ ಅದರಲ್ಲೇ ಆಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಇಲ್ಲಿ ನಮ್ಮ ವೃತ್ತಿಯವರ ಒಂದು ಗುಟ್ಟನ್ನೂ ಹೇಳಬೇಕು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಿನ ಬಳಿಯೂ ಪೆಡಲ್‌ಗಳಿರುತ್ತವೆ. ಇದು ನಿಯಮದ ಪ್ರಕಾರವೇ ಇರಬೇಕಾದ ಏರ್ಪಾಡು, ಸುರಕ್ಷತೆಗೆ ಅನಿವಾರ್ಯ. ಆದರೆ ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ, ನೀವು ಕ್ಲಚ್ ತಪ್ಪಾಗಿ ಬಿಟ್ಟರೆ ಕಲಿಸುವವರು ತಮ್ಮ ಕಾಲಿನಿಂದ ಅದನ್ನು ಸರಿಪಡಿಸಿಬಿಡುತ್ತಾರೆ. ಕಾರು ನಯವಾಗಿ ಹೊರಡುತ್ತದೆ, ಕಲಿಯುವವರಿಗೆ ತಾವೇ ಹೊರಡಿಸಿದೆವು ಎನಿಸುತ್ತದೆ. ಮೊದಮೊದಲು ನಾನೂ ಇದನ್ನೇ ಮಾಡುತ್ತಿದ್ದೆ. ಒಮ್ಮೆ ಬಹಳ ಚೆನ್ನಾಗಿ ಓಡಿಸುತ್ತಿದ್ದ ಶಿಷ್ಯೆಯೊಬ್ಬರು ಪರೀಕ್ಷೆಯ ಏರಿನಲ್ಲಿ ಸತತವಾಗಿ ನಾಲ್ಕು ಸಲ ಕಾರು ಆಫ್ ಮಾಡಿ ಅಳುತ್ತಾ ಇಳಿದು ಬಂದಾಗ, ಅಷ್ಟು ದಿನ ಏರಿನಲ್ಲಿ ಕಾರು ಓಡಿಸಿದ್ದು ಅವರಲ್ಲ, ನನ್ನ ಎಡಗಾಲು ಎಂದು ನನಗೇ ಅರ್ಥವಾಯಿತು. ಅಂದಿನಿಂದ ಕೊನೆಯ ತರಗತಿಗಳಲ್ಲಿ ಖಾಲಿ ರಸ್ತೆ ಸಿಕ್ಕಾಗ ನನ್ನ ಕಾಲುಗಳನ್ನು ಪೆಡಲ್‌ಗಳಿಂದ ಹಿಂದಕ್ಕೆ ಎಳೆದುಕೊಂಡು, ಕಲಿಯುವವರಿಗೆ ಅದನ್ನು ತೋರಿಸಿಯೇ ಕೂರುತ್ತೇನೆ. ನೀವೂ ನಿಮ್ಮ ಮೇಷ್ಟ್ರನ್ನು ಕೇಳಿ: 'ಸಾರ್, ಈವತ್ತು ನಿಮ್ಮ ಕಾಲು ಇಡಬೇಡಿ, ನಾನೊಬ್ಬಳೇ ಮಾಡುತ್ತೇನೆ.' ಆ ದಿನ ಕಾರು ಹತ್ತು ಸಲ ಆಫ್ ಆಗಬಹುದು. ನಿಮ್ಮ ನಿಜವಾದ ಲೆಕ್ಕ ಶುರುವಾಗುವುದು ಅಲ್ಲಿಂದ.

ಏರಿನ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಜಾಗದ ಕೊರತೆಯಿಲ್ಲ, ಊರೇ ಏರುತಗ್ಗಿನದು. ವಾಹನ ಸಂಚಾರ ವಿರಳವಾಗಿರುವ ಬಡಾವಣೆಯ ಏರುರಸ್ತೆಯೊಂದನ್ನು ಬೆಳಿಗ್ಗೆ ಆರು ಗಂಟೆಗೆ ಆರಿಸಿಕೊಳ್ಳಿ. ಮುಂದೆ ಹಿಂದೆ ಕೆಂಪು ಎಲ್ ಫಲಕವಿರಲಿ, ಪಕ್ಕದಲ್ಲಿ ಡಿಎಲ್ ಇರುವವರು ಕಾರನ್ನು ತಡೆಯಬಲ್ಲಂತೆ ಕುಳಿತಿರಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಬೇಡ. ಅದು ಸಾಮಾನ್ಯವಾಗಿ ಪರೀಕ್ಷೆಯ ಏರಿಗಿಂತ ಕಡಿದು, ಅಲ್ಲಿ ಕ್ಲಚ್ ಸುಟ್ಟ ವಾಸನೆ ಬೇಗ ಬರುತ್ತದೆ. ಕಾರು ನಿಂತು ಹ್ಯಾಂಡ್‌ಬ್ರೇಕ್ ಎಳೆದ ಮೇಲೆ, ಪಕ್ಕದವರು ಇಳಿಯದೆ, ಮನೆಯವರಲ್ಲಿ ಇನ್ನೊಬ್ಬರು ಹಿಂದಿನ ಚಕ್ರದ ಹಿಂದೆ ಒಂದು ಗೇಣು ದೂರದಲ್ಲಿ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿಯೊಂದನ್ನು ಅಡ್ಡ ಮಲಗಿಸಿ, ರಸ್ತೆಯ ಬದಿಗೆ ಸರಿದು ನಿಲ್ಲಲಿ. ಹೊರಡುವಾಗ ಬಾಟಲಿ ಚಟಪಟ ಎಂದರೆ ಅದು ಫೇಲ್. ಸತತ ಹತ್ತು ಸಲ ಬಾಟಲಿ ಸದ್ದು ಮಾಡದಿದ್ದರೆ ಏರಿನ ಪಾಠ ಮುಗಿದಂತೆ. ಪ್ರತಿ ನಾಲ್ಕೈದು ಪ್ರಯತ್ನಕ್ಕೊಮ್ಮೆ ಸಮತಟ್ಟಿನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಕ್ಲಚ್ ತಣ್ಣಗಾಗಲಿ.

ಈಗ ರಿವರ್ಸ್. ನೀವು ಬರೆದ ಸಾಲಿನಲ್ಲೇ ಉತ್ತರವೂ ಇದೆ: ಹಿಂದೆ ನೋಡುತ್ತಿದ್ದಿರಿ, ಮುಂದಿನ ಮೂಲೆ ತಗಲಿತು. ಕಾರಿನಲ್ಲಿ ತಿರುಗುವುದು ಮುಂದಿನ ಚಕ್ರಗಳು. ಆದ್ದರಿಂದ ರಿವರ್ಸ್‌ನಲ್ಲಿ ಎಡಕ್ಕೆ ಸ್ಟೇರಿಂಗ್ ತಿರುಗಿಸಿದಾಗ ಕಾರಿನ ಹಿಂಭಾಗ ಎಡಕ್ಕೆ ಹೋದರೆ, ಮುಂಭಾಗ ಬಲಕ್ಕೆ ಬೀಸಿಕೊಂಡು ಹೋಗುತ್ತದೆ. ಎಷ್ಟು ಬೀಸುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ನಮ್ಮ ಸ್ಕೂಲುಗಳಲ್ಲಿ ಹೆಚ್ಚಾಗಿ ಕಾಣುವ ಸ್ವಿಫ್ಟ್‌ನಂಥ ಕಾರಿನ ಅಗಲ ಸುಮಾರು 1.7 ಮೀಟರ್, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ ಸುಮಾರು 2.45 ಮೀಟರ್, ತಿರುವಿನ ತ್ರಿಜ್ಯ 4.8 ಮೀಟರ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಂದೆ ಹೋದರೆ, ಮುಂದಿನ ಬಂಪರಿನ ಹೊರ ಮೂಲೆಯು ಕಾರಿನ ಹಿಂಭಾಗದ ಹೊರ ಬದಿ ಸಾಗಿದ ದಾರಿಗಿಂತ ಸುಮಾರು ಒಂದು ಮೀಟರ್ ಹೊರಗೆ ಬೀಸುತ್ತದೆ. ಅಂದರೆ ಹಿಂದಿನ ಕನ್ನಡಿಯಲ್ಲಿ ಎಲ್ಲವೂ ಸುಸೂತ್ರವಾಗಿ ಕಾಣುತ್ತಿರುವಾಗಲೇ, ನಿಮ್ಮ ಬಲಗಡೆ ಮುಂದೆ ಒಂದು ಮೀಟರ್ ಜಾಗ ಇಲ್ಲದಿದ್ದರೆ ಕಂಬ ತಗಲುವುದು ಖಚಿತ. ನೀವು ಬಹುಶಃ ಬಲ ಅಂಚಿಗೆ ಹತ್ತಿರವಾಗಿ ನಿಂತು ರಿವರ್ಸ್ ಆರಂಭಿಸಿದಿರಿ, ಹಿಂದಿನ ಎಡ ಕಂಬದ ಭಯಕ್ಕೆ.

ಪರಿಹಾರವು ರಿವರ್ಸ್ ಗೇರ್ ಹಾಕುವ ಮೊದಲೇ ಇದೆ. ಎಡಕ್ಕೆ ಹೋಗಬೇಕಿದ್ದರೆ ಎಡ ಅಂಚಿನಿಂದ ಒಂದೂವರೆ ಅಡಿಯಷ್ಟು ಬಿಟ್ಟು, ಅಂಚಿಗೆ ಸಮಾನಾಂತರವಾಗಿ, ಮುಂದಿನ ಚಕ್ರಗಳು ನೇರವಾಗಿರುವಂತೆ ನಿಲ್ಲಿಸಿ. ಉಳಿದ ಜಾಗವೆಲ್ಲ ಬಲಗಡೆಗೆ ಸಿಗಲಿ, ಬೀಸು ಹೋಗುವುದು ಆ ಕಡೆಗೇ. ಆಮೇಲೆ ನೋಟಕ್ಕೆ ಒಂದು ಲಯವಿರಲಿ: ಎಡ ಕನ್ನಡಿ, ಬಲ ಮುಂದಿನ ಮೂಲೆ, ಮತ್ತೆ ಎಡ ಕನ್ನಡಿ. ಎಡ ಕನ್ನಡಿಯಲ್ಲಿ ಹಿಂದಿನ ಚಕ್ರಕ್ಕೂ ಒಳಗಿನ ಮೂಲೆಯ ಕಂಬಕ್ಕೂ ನಡುವಿನ ಸಂದು ನೋಡಿ. ಸಂದು ಕಿರಿದಾಗುತ್ತಿದ್ದರೆ ಸ್ಟೇರಿಂಗ್ ಸ್ವಲ್ಪ ಸಡಿಲಿಸಿ, ಅಗಲವಾಗುತ್ತಿದ್ದರೆ ಸ್ವಲ್ಪ ಹೆಚ್ಚು ತಿರುಗಿಸಿ. ಇಷ್ಟನ್ನೆಲ್ಲ ನೋಡಲು ಸಮಯ ಬೇಕು. ಆ ಸಮಯವನ್ನು ಕೊಡುವುದೂ ಮೊದಲು ಹೇಳಿದ ಅದೇ ಅರ್ಧ ಕ್ಲಚ್. ಸಮತಟ್ಟಾದ ಪಥದಲ್ಲಿ ರಿವರ್ಸ್‌ಗೆ ಸಾಮಾನ್ಯವಾಗಿ ಆಕ್ಸಿಲರೇಟರಿನ ಅಗತ್ಯವೇ ಇರುವುದಿಲ್ಲ. ಕ್ಲಚ್ ಕಚ್ಚುವ ಜಾಗದಿಂದ ಒಂದು ನೂಲಿನಷ್ಟು ಮೇಲೆ ಬಿಟ್ಟರೆ ಕಾರು ತೆವಳುತ್ತದೆ, ಒಂದು ನೂಲು ಕೆಳಗೆ ಒತ್ತಿದರೆ ನಿಲ್ಲುತ್ತದೆ. ಬಲಗಾಲು ಬ್ರೇಕಿನ ಮೇಲೆ ಕಾದಿರಲಿ.

ಅನೇಕ ಕಡೆ ಕಲಿಸುವ ಗುರುತುಗಳ ಬಗ್ಗೆ ಎಚ್ಚರ. 'ಹಿಂದಿನ ಕಿಟಕಿಯ ಮೂಲೆಗೆ ಕಂಬ ಬಂದ ಕೂಡಲೇ ಫುಲ್ ಲೆಫ್ಟ್ ಎಳೆ, ಎರಡನೇ ಕಂಬ ಕಂಡಾಗ ಒಂದೂವರೆ ಸುತ್ತು ಬಿಡು' ಎಂಬಂಥ ಮಂತ್ರಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಅದೇ ಕಾರು, ಅದೇ ಪಥ, ಅಂಚಿನಿಂದ ಅದೇ ದೂರ, ಅದೇ ಎತ್ತರಕ್ಕೆ ಹೊಂದಿಸಿದ ಸೀಟು ಇದ್ದರೆ ಮಂತ್ರ ಫಲಿಸುತ್ತದೆ. ಒಂದಡಿ ಆಚೀಚೆ ನಿಂತಿರೋ, ಮಂತ್ರ ನಿಮ್ಮನ್ನು ನೇರವಾಗಿ ಕಂಬಕ್ಕೇ ಒಯ್ಯುತ್ತದೆ, ಮತ್ತು ಏಕೆ ತಗಲಿತೆಂದು ನಿಮಗೆ ಗೊತ್ತೂ ಆಗುವುದಿಲ್ಲ. ಗುರುತುಗಳನ್ನು ಎಲ್ಲಿಂದ ತಿರುಗಿಸಲು ಆರಂಭಿಸಬೇಕು ಎಂಬ ಅಂದಾಜಿಗೆ ಮಾತ್ರ ಬಳಸಿ, ಆಮೇಲೆ ಕನ್ನಡಿಯ ಮಾತು ಕೇಳಿ. ಸ್ಟೇರಿಂಗ್ ಎಷ್ಟು ಸುತ್ತು ತಿರುಗಿದೆ ಎಂಬ ಲೆಕ್ಕ ತಪ್ಪಿಹೋದರೆ ಗಾಬರಿಯಾಗಬೇಡಿ. ಕಾರನ್ನು ಅರ್ಧ ಅಡಿ ತೆವಳಿಸಿದರೆ ಅದು ಯಾವ ಕಡೆ ವಾಲುತ್ತದೆ ಎಂಬುದೇ ಚಕ್ರದ ಸ್ಥಿತಿಯನ್ನು ಹೇಳುತ್ತದೆ.

ಅಭ್ಯಾಸಕ್ಕೆ ನಾನು ಬಳಸುವುದು ಇಪ್ಪತ್ತು ಲೀಟರಿನ ಖಾಲಿ ನೀರಿನ ಕ್ಯಾನುಗಳನ್ನು. ಕಲ್ಲು ಇಟ್ಟಿಗೆಗಳು ಸೀಟಿನಿಂದ ಕಾಣುವುದಿಲ್ಲ, ತಗಲಿದರೆ ಬಂಪರಿಗೂ ಪೆಟ್ಟು. ಕ್ಯಾನಿನ ಮೇಲೆ ಒಂದು ಪೊರಕೆಕಡ್ಡಿಯ ಕಟ್ಟು ನಿಲ್ಲಿಸಿದರೆ ಕಂಬದಂತೆಯೇ ಕಾಣುತ್ತದೆ, ಬಿದ್ದರೆ ಸದ್ದೂ ಆಗುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಖಾಲಿ ಸೈಟಿನಲ್ಲೋ ಮೈದಾನದಲ್ಲೋ ಆರು ಕ್ಯಾನು ಜೋಡಿಸಿ. ಮೊದಲ ದಿನ ಒಳಹೋಗುವ ಜಾಗ ಕಾರಿನ ಎರಡೂವರೆ ಪಟ್ಟು ಅಗಲವಿರಲಿ, ತಪ್ಪಿಲ್ಲದೆ ಐದು ಸಲ ಹೋದ ಮೇಲೆ ಒಂದೊಂದು ಗೇಣು ಕಿರಿದು ಮಾಡುತ್ತಾ ಬನ್ನಿ. ಎಡಕ್ಕೂ ಬಲಕ್ಕೂ ಸಮನಾಗಿ ಮಾಡಿ, ಏಕೆಂದರೆ ಬಲಕ್ಕೆ ಹೋಗುವಾಗ ಬೀಸು ನಿಮಗೆ ಕಾಣದ ಎಡ ಮುಂದಿನ ಮೂಲೆಯದ್ದು.

ಇವೆರಡನ್ನು ಬಿಟ್ಟು ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಕಣ್ಣಿಗೆ ಮತ್ತು ಕ್ರಮಕ್ಕೆ ಸೇರಿದವು. ಕೂತ ಕೂಡಲೇ ಸೀಟು, ಕನ್ನಡಿ, ಬೆಲ್ಟ್. ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಅಲ್ಲಾಡಿಸಿ ನೋಡಿ ಸ್ಟಾರ್ಟ್. ಇಂಡಿಕೇಟರ್ ಹಾಕುವ ಮೊದಲು ಕನ್ನಡಿ ನೋಡಬೇಕೆಂದು ನಿಯಮವೇ ಹೇಳುತ್ತದೆ, ಹೆಚ್ಚಿನವರು ಇಂಡಿಕೇಟರ್ ಹಾಕಿ ಆಮೇಲೆ ಕನ್ನಡಿ ನೋಡುತ್ತಾರೆ. ಕಣ್ಣನ್ನಷ್ಟೇ ಹೊರಳಿಸಿದರೆ ಹೊರಗೆ ನಿಂತ ನಿರೀಕ್ಷಕರಿಗೆ ನೀವು ಕನ್ನಡಿ ನೋಡಿದ್ದು ತಿಳಿಯುವುದಿಲ್ಲ. ಗದ್ದವನ್ನು ತುಸು ತಿರುಗಿಸಿ ನೋಡಿ.

ದಿನಾಂಕದ ಲೆಕ್ಕವನ್ನೂ ಗಮನದಲ್ಲಿಡಿ. ಫೇಲ್ ಆದವರು ಏಳು ದಿನ ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಹಾಜರಾಗಬಹುದು. ಮೂರು ಸಲ ಫೇಲ್ ಆದರೆ ಕೊನೆಯ ಪರೀಕ್ಷೆಯಿಂದ ಅರವತ್ತು ದಿನ ಕಾಯಬೇಕು. ಎಲ್‌ಎಲ್‌ಆರ್ ಅವಧಿ ಆರು ತಿಂಗಳು, ನಿಮಗೆ ಉಳಿದಿರುವುದು ಎರಡು. ಆದ್ದರಿಂದ ಎಂಟನೇ ದಿನಕ್ಕೇ ಸ್ಲಾಟ್ ಹಿಡಿಯುವ ಆತುರ ಬೇಡ, ಕೊನೆಯ ವಾರದವರೆಗೆ ಎಳೆಯುವುದೂ ಬೇಡ. ಎರಡು ವಾರ ಬೆಳಗಿನ ಹೊತ್ತು ಬಾಟಲಿಗೂ ಕ್ಯಾನಿಗೂ ಕೊಟ್ಟು, ಮೂರನೇ ವಾರಕ್ಕೆ ಸ್ಲಾಟ್ ತೆಗೆದುಕೊಳ್ಳಿ. ಒಂದು ವೇಳೆ ಮತ್ತೆ ತಪ್ಪಿದರೂ ಎಲ್‌ಎಲ್‌ಆರ್ ಮುಗಿಯುವುದರೊಳಗೆ ಇನ್ನೊಂದು ಅವಕಾಶಕ್ಕೆ ಜಾಗವಿರುತ್ತದೆ. ಪರೀಕ್ಷೆಯ ದಿನ ಅದೇ ಕಾರನ್ನೇ ಒಯ್ಯಿರಿ, ಸರದಿ ಬರುವ ಮೊದಲು ಸಮತಟ್ಟಾದ ಜಾಗದಲ್ಲಿ ಎರಡು ಮೂರು ಸಲ ಅರ್ಧ ಕ್ಲಚ್ಚಿನಲ್ಲಿ ತೆವಳಿಸಿ ನೋಡಿ. ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದು ಕಾಲಿಗೆ ನೆನಪಾಗಲಿ. ನಿರೀಕ್ಷಕರು 'ಆಯ್ತು, ನಿಲ್ಲಿಸಿ' ಎಂದಾಗ ಪರೀಕ್ಷೆ ಇನ್ನೂ ನಡೆಯುತ್ತಿರುತ್ತದೆ: ಎಡಕ್ಕೆ ಸೇರಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ, ಆಮೇಲೆ ಬೆಲ್ಟ್ ಬಿಚ್ಚಿ, ಬಲ ಕನ್ನಡಿ ನೋಡಿಕೊಂಡು ಬಾಗಿಲು ತೆಗೆಯಿರಿ.